ಶುಗರ್ ಇಳಿದಾಗ: ಹದಿನೈದು ಗ್ರಾಂ, ಹದಿನೈದು ನಿಮಿಷ

ನಮ್ಮ ಸೋದರತ್ತೆಗೆ 68 ವರ್ಷ. ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷವಾಯಿತು. ಹಾಸನದ ಹತ್ತಿರ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದಾಗ ಅಡುಗೆಮನೆಯಲ್ಲಿ ಕೂತು ರಸಾಯನಕ್ಕೆ ಬಾಳೆಹಣ್ಣು ಹೆಚ್ಚುತ್ತಿದ್ದರು. "ಇನ್ನೇನು ಎಲೆ ಹಾಕ್ತಾರೆ" ಎಂದು ಯಾರೋ ಹೇಳಿದರು. ಅದನ್ನು ನಂಬಿ 12:30ಕ್ಕೆ ಊಟದ ಮೊದಲಿನ ಮಾತ್ರೆ ನುಂಗಿಬಿಟ್ಟರು. ಹೋಮ ಮುಗಿಯಲಿಲ್ಲ, ಎಲೆ ಹಾಕಲಿಲ್ಲ. 1:50ರ ಹೊತ್ತಿಗೆ ಮೊಮ್ಮಗಳು ಬಂದು ಏನೋ ಕೇಳಿದ್ದಕ್ಕೆ ಅವಳ ಮೇಲೆ ರೇಗಿದರು. ಅತ್ತೆ ಮಕ್ಕಳ ಮೇಲೆ ರೇಗುವವರಲ್ಲ. ನಾನು ತಿರುಗಿ ನೋಡಿದೆ. ಕುತ್ತಿಗೆ, ಹಣೆ ಒದ್ದೆ. ಚಾಕು ಹಿಡಿದ ಕೈ ಸಣ್ಣಗೆ ನಡುಗುತ್ತಿತ್ತು.

"ಅತ್ತೆ, ಒಂದು ನಿಮಿಷ ಈ ಕಡೆ ಬನ್ನಿ, ಕೂತ್ಕೊಳ್ಳಿ."

"ಏನೂ ಇಲ್ಲ ಕಣೇ, ಸೆಖೆ. ಒಲೆ ಮುಂದೆ ಕೂತಿದ್ದೀನಲ್ಲ."

ಆ ಮಧ್ಯಾಹ್ನ ಸಂಜೆಯವರೆಗೆ ನಡೆದದ್ದನ್ನೇ ಇಟ್ಟುಕೊಂಡು ಈ ಲೇಖನ ಬರೆಯುತ್ತಿದ್ದೇನೆ. ನಾನು ನರ್ಸ್. ಹದಿನೈದು ಗ್ರಾಂ ನಿಯಮವನ್ನು ರೋಗಿಗಳಿಗೆ ಎಷ್ಟೋ ಸಲ ಹೇಳಿಕೊಟ್ಟವಳು. ಆದರೂ ಅಂದು ನಮ್ಮ ಮನೆಯವರ ವಿಷಯದಲ್ಲೇ ನಾನು ಒಂದು ತಪ್ಪು ಮಾಡಿದೆ. ಅದೂ ಮುಂದೆ ಬರುತ್ತದೆ.

ಯಾರಿಗೆ ಇಳಿಯುತ್ತದೆ, ಎಷ್ಟಕ್ಕೆ ಇಳಿದರೆ ಲೋ

ರಕ್ತದ ಸಕ್ಕರೆ 70 mg/dLಗಿಂತ ಕಡಿಮೆಯಾದರೆ ಅದನ್ನು ಲೋ ಶುಗರ್ ಎಂದು ಎಣಿಸಿ ಉಪಚಾರ ಶುರು ಮಾಡಬೇಕು. 54ಕ್ಕಿಂತ ಕೆಳಗಿಳಿದರೆ ಮಿದುಳಿಗೆ ಸಕ್ಕರೆ ಸಾಲದೆ ಬುದ್ಧಿ ಮಂಕಾಗತೊಡಗುತ್ತದೆ, ಅದು ಗಂಭೀರ. ಹೊರದೇಶದಲ್ಲಿರುವ ಮಕ್ಕಳ ಮನೆಗೆ ಹೋದವರು ಅಲ್ಲಿಯ ಮೀಟರ್ ಬಳಸುವಾಗ ಒಂದನ್ನು ಗಮನಿಸಿ. ಕೆಲವು ದೇಶಗಳ ಮೀಟರ್‌ಗಳು mmol/L ಲೆಕ್ಕದಲ್ಲಿ ತೋರಿಸುತ್ತವೆ. ಅದರಲ್ಲಿ 3.9 ಎಂದರೆ ನಮ್ಮ 70.

ಸಕ್ಕರೆ ಕಾಯಿಲೆಯ ಎಲ್ಲರಿಗೂ ಈ ಅಪಾಯ ಒಂದೇ ಸಮ ಇರುವುದಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಇದೆ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಪಿಜೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆ ತೆಗೆದುಕೊಳ್ಳುವವರಿಗೂ ಇದೆ. ಊಟ ಹೊಟ್ಟೆಗೆ ಬಿದ್ದಿರಲಿ ಬಿಡಲಿ, ಈ ಮಾತ್ರೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತವೆ. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಲೋ ಆಗುವುದು ಅಪರೂಪ. ಹಾಗಾಗಿ ಮೊದಲ ಕೆಲಸ ಇಂದೇ ಮಾಡಬಹುದಾದದ್ದು: ಮನೆಯಲ್ಲಿರುವ ಮಾತ್ರೆಯ ಪಟ್ಟಿ ತಿರುಗಿಸಿ, ಕಂಪನಿಯ ಹೆಸರು ಬಿಟ್ಟು, ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧ ಸೇರಿರುವುದು ಈಗ ಸಾಮಾನ್ಯ. ಅತ್ತೆಯದು ಅಂಥದ್ದೇ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೊಗ್ಲಿಬೋಸ್ ಮೂರೂ ಒಂದರಲ್ಲಿ. ಆ ಮೂರನೆಯ ಹೆಸರನ್ನು ನೆನಪಿಡಿ.

ಗುರುತು ಹಿಡಿಯುವುದು

ಸಕ್ಕರೆ ಇಳಿಯುವಾಗ ದೇಹ ಎರಡು ಬಗೆಯಲ್ಲಿ ಹೇಳುತ್ತದೆ. ಮೊದಲು ಬರುವುದು ಅಡ್ರಿನಲಿನ್‌ನ ಕೂಗು. ತಣ್ಣನೆ ಬೆವರು, ಕೈ ನಡುಕ, ಎದೆ ಹೊಡೆದುಕೊಳ್ಳುವುದು, ತಡೆಯಲಾಗದ ಹಸಿವು, ತುಟಿಯ ಸುತ್ತ ಜುಮುಜುಮು, ಕಾರಣವಿಲ್ಲದ ಗಾಬರಿ. ಇದು ರೋಗಿಗೇ ಗೊತ್ತಾಗುತ್ತದೆ. ಎರಡನೆಯದು ಮಿದುಳು ಸೊರಗಿದ ಲಕ್ಷಣ. ಮಾತು ತೊದಲುತ್ತದೆ, ಕಣ್ಣು ಮಂಜಾಗುತ್ತದೆ, ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ, ಹಟ ಮಾಡುತ್ತಾರೆ, ಸಿಟ್ಟಾಗುತ್ತಾರೆ, ತೂಕಡಿಸುತ್ತಾರೆ. ಇದು ರೋಗಿಗೆ ಗೊತ್ತಾಗುವುದಿಲ್ಲ. ಎದುರಿಗಿರುವವರಿಗೆ ಗೊತ್ತಾಗಬೇಕು. "ನನಗೇನೂ ಆಗಿಲ್ಲ" ಎಂದು ಅವರು ಗಟ್ಟಿಯಾಗಿ ಹೇಳಿದರೂ ಅದನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ.

ಎಷ್ಟೋ ವರ್ಷದಿಂದ ಕಾಯಿಲೆ ಇದ್ದವರಲ್ಲಿ, ಪದೇಪದೇ ಲೋ ಆಗುವವರಲ್ಲಿ, ಮೊದಲ ಬಗೆಯ ಲಕ್ಷಣಗಳು ಮೆಲ್ಲಗೆ ಮಾಯವಾಗುತ್ತವೆ. ನೇರವಾಗಿ ಎರಡನೆಯದೇ ಬರುತ್ತದೆ. ರಕ್ತದೊತ್ತಡಕ್ಕೋ ಹೃದಯಕ್ಕೋ ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲೂ ನಡುಕ, ಎದೆಬಡಿತ ಮುಚ್ಚಿಹೋಗಬಹುದು. ಆದರೆ ಬೆವರು ಮುಚ್ಚಿಹೋಗುವುದಿಲ್ಲ. ಅದಕ್ಕೇ ನಾನು ಮನೆಯವರಿಗೆ ಹೇಳುವುದು, ಅನುಮಾನ ಬಂದರೆ ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ ಎಂದು. ರಾತ್ರಿ ಮಲಗಿದ್ದಾಗ ಇಳಿದರೆ ಸಿಗುವ ಸುಳಿವೂ ಅದೇ. ಬೆಳಿಗ್ಗೆ ದಿಂಬು, ರವಿಕೆ ಒದ್ದೆ, ತಲೆನೋವು, ರಾತ್ರಿಯೆಲ್ಲ ಕೆಟ್ಟ ಕನಸು. ಹೀಗೆ ಎರಡು ದಿನ ಆದರೆ ಒಂದು ರಾತ್ರಿ ಮೂರು ಗಂಟೆಗೆ ಅಲಾರಂ ಇಟ್ಟು ಸಕ್ಕರೆ ನೋಡಿ.

ಕೈ ತೊಳೆದು ನೋಡುವುದು

ಅತ್ತೆಯ ಚೀಲದಲ್ಲಿ ಮೀಟರ್ ಇತ್ತು. ಅವಸರದಲ್ಲಿ ಅವರ ಸೊಸೆ ಬೆರಳು ಚುಚ್ಚಿ ನೋಡಿದಳು. 112. "ನೋಡಿ, ನಾರ್ಮಲ್ ಇದೆ" ಅಂದಳು. ಸುತ್ತಲಿದ್ದವರೆಲ್ಲ ಸಮಾಧಾನಪಟ್ಟರು. ಆ ಬೆರಳುಗಳು ಅರ್ಧ ಗಂಟೆಯಿಂದ ಬಾಳೆಹಣ್ಣು ಹೆಚ್ಚುತ್ತಿದ್ದವು! ಸೋಪು ಹಾಕಿ ಕೈ ತೊಳೆಸಿ, ಒರೆಸಿ, ಬೇರೆ ಬೆರಳಲ್ಲಿ ನೋಡಿದಾಗ ಬಂದದ್ದು 58.

ಮೀಟರ್ ಅಳೆಯುವುದು ಸಾಸಿವೆ ಗಾತ್ರಕ್ಕಿಂತ ಚಿಕ್ಕ ರಕ್ತದ ಹನಿಯನ್ನು. ಚರ್ಮದ ಮೇಲೆ ಹಣ್ಣಿನ ರಸ, ಬೆಲ್ಲ, ಸಕ್ಕರೆಯ ಪುಡಿ ಕಣ್ಣಿಗೆ ಕಾಣದಷ್ಟಿದ್ದರೂ ಅದು ಹನಿಯಲ್ಲಿ ಸೇರಿ ಲೆಕ್ಕ ಮೇಲೇರುತ್ತದೆ. ಲೋ ಶುಗರ್ ಸಂದರ್ಭದಲ್ಲಿ ಈ ತಪ್ಪು ಎರಡು ಕಡೆ ಆಗುತ್ತದೆ. ಮೊದಲ ಸಲ ನೋಡುವಾಗ ಆಗುವುದು ಮೇಲೆ ಹೇಳಿದ ಹಾಗೆ. ಇನ್ನೊಂದು, ಗ್ಲುಕೋಸ್ ಪುಡಿ ತಿನ್ನಿಸಿದ ಮೇಲೆ, ಅದೇ ಪುಡಿ ಮೆತ್ತಿದ ಬೆರಳಲ್ಲಿ ಮತ್ತೆ ನೋಡುವಾಗ. ಆಗ ಏರಿರದ ಸಕ್ಕರೆ ಏರಿದಂತೆ ಕಾಣುತ್ತದೆ, ಉಪಚಾರ ಅರ್ಧಕ್ಕೇ ನಿಲ್ಲುತ್ತದೆ. ನೀರು ಹತ್ತಿರವಿಲ್ಲದಿದ್ದರೆ ಒದ್ದೆ ಬಟ್ಟೆಯಿಂದ ಬೆರಳನ್ನು ಚೆನ್ನಾಗಿ ಉಜ್ಜಿ, ಒಣಗಿಸಿ, ಮೊದಲ ಹನಿಯನ್ನು ಹತ್ತಿಯಲ್ಲಿ ಒರೆಸಿ ಎರಡನೆಯ ಹನಿಯನ್ನು ಸ್ಟ್ರಿಪ್‌ಗೆ ಕೊಡಿ.

ಮೀಟರೇ ಇಲ್ಲದಿದ್ದರೆ? ಲಕ್ಷಣ ಕಂಡರೆ ಲೋ ಎಂದೇ ತಿಳಿದು ಉಪಚಾರ ಮಾಡಿ. ಅದು ಲೋ ಅಲ್ಲದೆ ಇದ್ದರೆ ಹದಿನೈದು ಗ್ರಾಂ ಗ್ಲುಕೋಸಿನಿಂದ ಸಕ್ಕರೆ ಸ್ವಲ್ಪ ಹೊತ್ತು ಏರುತ್ತದೆ, ಅಷ್ಟೇ. ಲೋ ಆಗಿದ್ದು ಸುಮ್ಮನಿದ್ದರೆ ಆಗುವ ಹಾನಿಯ ಮುಂದೆ ಅದು ಲೆಕ್ಕಕ್ಕಿಲ್ಲ. ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್ ಇರುವವರು ಒಂದು ವಿಷಯ ತಿಳಿದಿರಬೇಕು. ಅದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು ಅಳೆಯುತ್ತದೆ. ಸಕ್ಕರೆ ಬೇಗ ಏರಿಳಿಯುವಾಗ ಅದರ ಅಂಕಿ ಹತ್ತು ನಿಮಿಷದಷ್ಟು ಹಿಂದೆ ಬೀಳಬಹುದು. ಲೋ ಆದಾಗ ಬೆರಳಿನ ರಕ್ತವನ್ನೇ ನೋಡಿ.

ಹದಿನೈದು ಗ್ರಾಂ ಎಂದರೆ ನಮ್ಮ ಅಡುಗೆಮನೆಯಲ್ಲಿ ಎಷ್ಟು

ನಿಯಮ ಹೇಳುವುದು ಇಷ್ಟು: ಬೇಗ ರಕ್ತಕ್ಕೆ ಸೇರುವ ಹದಿನೈದು ಗ್ರಾಂ ಕಾರ್ಬೋಹೈಡ್ರೇಟ್ ಕೊಡಿ, ಹದಿನೈದು ನಿಮಿಷ ಕಾಯಿರಿ, ಮತ್ತೆ ಅಳೆಯಿರಿ, 70 ದಾಟದಿದ್ದರೆ ಅದನ್ನೇ ಇನ್ನೊಮ್ಮೆ ಮಾಡಿ. ದೊಡ್ಡವರಲ್ಲಿ ಹದಿನೈದು ಗ್ರಾಂ ಗ್ಲುಕೋಸ್ ಸಕ್ಕರೆಯನ್ನು ಸುಮಾರು 40 ಅಂಕ ಏರಿಸುತ್ತದೆ. 58 ಇದ್ದವರು 98ರ ಆಸುಪಾಸಿಗೆ ಬಂದು ನಿಲ್ಲುತ್ತಾರೆ. ಮೈ ತೂಕ, ಔಷಧದ ಬಿಗಿ ನೋಡಿಕೊಂಡು ಇದು ಹೆಚ್ಚುಕಡಿಮೆ ಆಗುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ಗ್ಲುಕೋಸ್ ಪುಡಿ. ಕರುಳಲ್ಲಿ ಒಡೆಯುವ ಕೆಲಸವೇ ಇಲ್ಲದೆ ಅದು ನೇರ ರಕ್ತಕ್ಕೆ ಹೋಗುತ್ತದೆ. ಆದರೆ "ಮೂರು ಚಮಚ" ಎಂಬ ಮಾತು ಮೋಸ ಮಾಡುತ್ತದೆ. ಒಬ್ಬರ ಮನೆಯ ಚಮಚ ಇನ್ನೊಬ್ಬರ ಮನೆಯದಲ್ಲ. ಅಲ್ಲದೆ ಗ್ಲುಕೋಸ್ ಪುಡಿ ಸಕ್ಕರೆಗಿಂತ ಹಗುರ. ತಲೆ ಮಟ್ಟ ಮಾಡಿದ ಮೂರು ಟೀ ಚಮಚದಲ್ಲಿ ಹದಿನೈದು ಗ್ರಾಂ ಆಗುವುದೇ ಇಲ್ಲ, ಗುಡ್ಡೆ ಮಾಡಿ ತುಂಬಬೇಕು. ಹಾಗಾಗಿ ಒಂದು ಸಲ ತೂಗಿಬಿಡಿ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಪರಿಚಯದ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ 150 ಗ್ರಾಂ ತೂಗಿಸಿ ತಂದು, ಅದನ್ನು ಹತ್ತು ಸಮಪಾಲು ಮಾಡಿ, ಹತ್ತು ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿ. ಒಂದು ಪೊಟ್ಟಣ ಒಂದು ಡೋಸ್. ಎರಡು ಮಂಚದ ಪಕ್ಕ, ಎರಡು ಹೊರಗೆ ಹೋಗುವ ಚೀಲದಲ್ಲಿ, ಎರಡು ಗಾಡಿಯಲ್ಲಿ, ಉಳಿದದ್ದು ಅಡುಗೆಮನೆಯಲ್ಲಿ. ಪೊಟ್ಟಣವನ್ನು ಅರ್ಧ ಲೋಟ ನೀರಿಗೆ ಹಾಕಿ ಕಲಕಿ ಕುಡಿಸುವುದು. ನೀರು ಸಿಗದಿದ್ದರೆ, ಎಚ್ಚರ ಸರಿಯಾಗಿದ್ದವರು ಪುಡಿಯನ್ನೇ ಬಾಯಿಗೆ ಹಾಕಿಕೊಂಡು ಕರಗಿಸಿ ನುಂಗಬಹುದು. ಕೊಳ್ಳುವಾಗ ಬಣ್ಣ, ರುಚಿ ಸೇರಿಸದ ಸಾದಾ ಪುಡಿಯನ್ನೇ ಕೊಳ್ಳಿ. ಕಿತ್ತಳೆ, ನಿಂಬೆ ರುಚಿಯವುಗಳಲ್ಲಿ ಮಾಮೂಲಿ ಸಕ್ಕರೆ ಬೆರೆಸಿರಬಹುದು, ಪೊಟ್ಟಣದ ಹಿಂದೆ ಬರೆದಿರುತ್ತದೆ.

ಗ್ಲುಕೋಸ್ ಇಲ್ಲದಿದ್ದರೆ ಮಾಮೂಲಿ ಸಕ್ಕರೆ, ಗುಡ್ಡೆಯಿಲ್ಲದ ನಾಲ್ಕು ಟೀ ಚಮಚ, ನೀರಲ್ಲಿ ಕರಗಿಸಿ. ಒಂದು ಚಮಚದಲ್ಲಿ ಸುಮಾರು ನಾಲ್ಕು ಗ್ರಾಂ ಹಿಡಿಯುತ್ತದೆ. ಅಥವಾ ಸಕ್ಕರೆ ಇರುವ ತಂಪು ಪಾನೀಯ 150 ಮಿ.ಲೀ., ಎಂದರೆ ಸಣ್ಣ ಲೋಟದಷ್ಟು. ಡಯಟ್, ಜೀರೋ ಎಂದು ಬರೆದಿದ್ದರೆ ಅದರಲ್ಲಿ ಸಕ್ಕರೆಯೇ ಇಲ್ಲ, ಕುಡಿದು ಪ್ರಯೋಜನವಿಲ್ಲ. ಒಂದು ದೊಡ್ಡ ಚಮಚ ಜೇನುತುಪ್ಪವೂ ಆಗುತ್ತದೆ.

ನಮ್ಮಲ್ಲಿ ಸಾಮಾನ್ಯವಾಗಿ ಕೈಗೆ ಸಿಗುವುದು ಬೇರೆಯದೇ. ಯಾರೋ ಓಡಿಹೋಗಿ ಚಾಕೊಲೇಟ್ ತರುತ್ತಾರೆ, ಯಾರೋ ಬಿಸ್ಕತ್ತು, ಲಡ್ಡು ತರುತ್ತಾರೆ, ಹಾಲು ಕಾಯಿಸುತ್ತಾರೆ. ಇವುಗಳಲ್ಲಿರುವ ಜಿಡ್ಡು ಹೊಟ್ಟೆಯಿಂದ ಆಹಾರ ಮುಂದೆ ಸಾಗುವುದನ್ನು ನಿಧಾನ ಮಾಡುತ್ತದೆ. ಸಕ್ಕರೆ ಅದರಲ್ಲಿದೆ ನಿಜ, ಆದರೆ ಬೇಕಾದ ಹದಿನೈದು ನಿಮಿಷದಲ್ಲಿ ಅದು ರಕ್ತಕ್ಕೆ ಬಾರದು. ಎಳನೀರನ್ನೂ ತುಂಬ ಮಂದಿ ಕೊಡುತ್ತಾರೆ. ಬಿಸಿಲಿಗೆ ಸುಸ್ತಾದವರಿಗೆ ಅದು ಒಳ್ಳೆಯದು, ಆದರೆ ಅದರ ಸಿಹಿ ಕಾಯಿಂದ ಕಾಯಿಗೆ ಬೇರೆ, ಒಂದು ಬುರುಡೆಯಲ್ಲಿ ಹದಿನೈದು ಗ್ರಾಂ ಇರುವುದು ಅನುಮಾನ. ಮೂತ್ರಪಿಂಡ ಸೋತವರಿಗಂತೂ ಅದರ ಪೊಟ್ಯಾಶಿಯಂ ಬೇರೆಯೇ ತೊಂದರೆ.

ಮಕ್ಕಳಿಗೆ ಹದಿನೈದು ಗ್ರಾಂ ಹೆಚ್ಚು. ತೂಕದ ಪ್ರತಿ ಕಿಲೋಗೆ 0.3 ಗ್ರಾಂ ಎಂಬುದು ಲೆಕ್ಕ. 15 ಕಿಲೋ ತೂಗುವ ಮಗುವಿಗೆ ಐದು ಗ್ರಾಂ ಹತ್ತಿರ, 30 ಕಿಲೋ ಇದ್ದರೆ ಒಂಬತ್ತು ಗ್ರಾಂ. ಮಗುವಿನ ಡಾಕ್ಟರರಿಂದ ಈ ಅಂಕಿ ಬರೆಸಿಕೊಂಡು ಶಾಲೆಯ ಟೀಚರ್ ಕೈಗೂ ಒಂದು ಪೊಟ್ಟಣ ಕೊಟ್ಟಿರಿ.

ಪಾನಕ ಯಾಕೆ ಕೆಲಸ ಮಾಡಲಿಲ್ಲ

58 ಬಂದ ಕೂಡಲೇ ಕೈಗೆ ಸಿಕ್ಕಿದ್ದು ಪಾನಕ. ಪೂಜೆಗೆಂದು ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟಿದ್ದರು, ಒಳ್ಳೆ ಸಿಹಿಯಾಗಿತ್ತು. ಒಂದು ದೊಡ್ಡ ಲೋಟ ಕುಡಿಸಿದೆ. ಬೆಲ್ಲದ ಲೆಕ್ಕ ಹಾಕಿದರೆ ಹದಿನೈದು ಗ್ರಾಂಗಿಂತ ಹೆಚ್ಚೇ ಇತ್ತು. ಹದಿನೈದು ನಿಮಿಷ ಕಾದು, ಕೈ ತೊಳೆಸಿ ನೋಡಿದರೆ 55. ಏರುವ ಬದಲು ಇಳಿದಿದೆ. ಆಗ ನನಗೆ ಅವರ ಮಾತ್ರೆಯ ಮೂರನೆಯ ಹೆಸರು ನೆನಪಾಯಿತು.

ಬೆಲ್ಲ, ಸಕ್ಕರೆ ಎರಡರಲ್ಲೂ ಇರುವುದು ಸುಕ್ರೋಸ್. ಒಂದು ಗ್ಲುಕೋಸ್, ಒಂದು ಫ್ರಕ್ಟೋಸ್ ಜೋಡಿ ಕೂಡಿದ ಕಣ ಅದು. ಕರುಳಿನ ಗೋಡೆಯಲ್ಲಿರುವ ಕಿಣ್ವ ಆ ಜೋಡಿಯನ್ನು ಕತ್ತರಿಸಿದ ಮೇಲೆಯೇ ಗ್ಲುಕೋಸ್ ರಕ್ತಕ್ಕೆ ಹೋಗಬೇಕು. ವೊಗ್ಲಿಬೋಸ್, ಅಕಾರ್ಬೋಸ್ ಎಂಬ ಔಷಧಗಳ ಕೆಲಸವೇ ಆ ಕಿಣ್ವವನ್ನು ತಡೆಯುವುದು. ಊಟದ ನಂತರ ಸಕ್ಕರೆ ದಿಢೀರನೆ ಏರದಿರಲಿ ಎಂದು ಡಾಕ್ಟರು ಕೊಡುವುದೇ ಅದಕ್ಕೆ. ಲೋ ಆದಾಗ ಮಾತ್ರ ಅದೇ ಗುಣ ಎದುರು ನಿಲ್ಲುತ್ತದೆ. ಕುಡಿದ ಪಾನಕ ಕರುಳಲ್ಲಿ ಹಾಗೇ ಕೂತಿರುತ್ತದೆ, ಸಿಹಿ ನಾಲಿಗೆಗೆ ಗೊತ್ತಾಗುತ್ತದೆ, ರಕ್ತಕ್ಕೆ ಮುಟ್ಟುವುದಿಲ್ಲ. ಈ ಎರಡು ಹೆಸರುಗಳಲ್ಲಿ ಒಂದು ನಿಮ್ಮ ಮನೆಯ ಮಾತ್ರೆಯ ಪಟ್ಟಿಯ ಮೇಲಿದ್ದರೆ ಸಕ್ಕರೆ ನೀರು, ಬೆಲ್ಲ, ಪಾನಕ ಯಾವುದನ್ನೂ ನಂಬಬೇಡಿ. ಸಾದಾ ಗ್ಲುಕೋಸ್ ಪುಡಿಯೇ ಬೇಕು. ಔಷಧದಂಗಡಿಯಲ್ಲಿ ಗ್ಲುಕೋಸ್ ಮಾತ್ರೆ ಸಿಕ್ಕರೆ ಅದೂ ಆಗಬಹುದು. ಒಂದರಲ್ಲಿ ಎಷ್ಟು ಗ್ರಾಂ ಇದೆ ಎಂದು ಡಬ್ಬದ ಮೇಲೆ ನೋಡಿಕೊಳ್ಳಿ. ನಾಲ್ಕು ಗ್ರಾಂನದಾದರೆ ನಾಲ್ಕು ಮಾತ್ರೆ ಬೇಕಾಗುತ್ತದೆ.

ಪಕ್ಕದ ಅಂಗಡಿಯಿಂದ ಹುಡುಗ ಗ್ಲುಕೋಸ್ ಪ್ಯಾಕೆಟ್ ತಂದ. ಅರ್ಧ ಲೋಟ ನೀರಿಗೆ ಗುಡ್ಡೆಯ ಮೂರು ಚಮಚ ಹಾಕಿ ಕುಡಿಸಿದ್ದಾಯಿತು. ಸಮಯ 2:12.

ಹದಿನೈದು ನಿಮಿಷದ ಕಾಯುವಿಕೆ

ಎಲ್ಲಕ್ಕಿಂತ ಕಷ್ಟ ಇದು. ಗ್ಲುಕೋಸ್ ಹೊಟ್ಟೆಗೆ ಹೋದ ಮೇಲೂ ನಡುಕ, ಹಸಿವು ಸ್ವಲ್ಪ ಹೊತ್ತು ಹಾಗೇ ಇರುತ್ತವೆ. ಏಕೆಂದರೆ ಒಮ್ಮೆ ಸುರಿದ ಅಡ್ರಿನಲಿನ್ ಇಳಿಯಲು ಸಮಯ ಬೇಕು. ರೋಗಿಗೆ ಜೀವವೇ ಹೋಗುತ್ತಿದೆ ಅನ್ನಿಸುತ್ತದೆ, ಸುತ್ತಲಿನವರಿಗೆ ಏನಾದರೂ ಕೊಡುತ್ತಲೇ ಇರಬೇಕು ಅನ್ನಿಸುತ್ತದೆ. ಹೀಗೆ ಅರ್ಧ ಪ್ಯಾಕೆಟ್ ಗ್ಲುಕೋಸ್, ಮೇಲೆ ಎರಡು ಹೋಳಿಗೆ, ಒಂದು ಲೋಟ ಜ್ಯೂಸ್ ಸೇರಿದರೆ ಎರಡು ಗಂಟೆಯ ನಂತರ ಮೀಟರ್ 300 ತೋರಿಸುತ್ತದೆ. ಅದನ್ನು ಕಂಡು ಗಾಬರಿಯಾಗಿ ಹೆಚ್ಚು ಇನ್ಸುಲಿನ್ ಹಾಕಿಕೊಂಡವರು ರಾತ್ರಿ ಮತ್ತೆ ಲೋ ಆಗಿ ಬಂದದ್ದನ್ನು ನಾನು ಕಂಡಿದ್ದೇನೆ.

ಕುಡಿಸಿದ ಕ್ಷಣದ ಸಮಯವನ್ನು ಮೊಬೈಲಿನಲ್ಲಿ ಟೈಮರ್ ಇಟ್ಟು ಹಿಡಿಯಿರಿ. ಅಂದಾಜಿನ ಹದಿನೈದು ನಿಮಿಷ ಯಾವಾಗಲೂ ಆರೇಳು ನಿಮಿಷವೇ ಆಗಿರುತ್ತದೆ. ಅಷ್ಟು ಹೊತ್ತೂ ರೋಗಿ ಕೂತೇ ಇರಲಿ, ಬಚ್ಚಲಿಗೂ ಒಬ್ಬರೇ ಹೋಗದಿರಲಿ. ಬೀಳುವುದು, ತಲೆಗೆ ಪೆಟ್ಟಾಗುವುದು ಈ ಸಮಯದಲ್ಲೇ. ನೀವು ಪಕ್ಕದಲ್ಲಿ ಕೂತು ಮಾತಾಡಿಸುತ್ತಿರಿ. ಮಾತು ಸ್ಪಷ್ಟವಾಗುತ್ತಿದೆಯೇ, ಮಂಕಾಗುತ್ತಿದೆಯೇ ಎಂಬುದು ಮೀಟರಿಗಿಂತ ಮೊದಲು ತಿಳಿಯುತ್ತದೆ. ಮಂಕಾಗುತ್ತಿದ್ದರೆ ಹದಿನೈದು ನಿಮಿಷ ತುಂಬುವವರೆಗೆ ಕಾಯಬೇಡಿ. ನುಂಗಲು ಆಗುವಷ್ಟು ಎಚ್ಚರವಿದ್ದರೆ ಇನ್ನೊಂದು ಪೊಟ್ಟಣ ಕೊಡಿ.

2:27ಕ್ಕೆ ಅತ್ತೆಯ ಸಕ್ಕರೆ 79. ಬೆವರು ಆರಿತ್ತು. "ಆ ಮಗೂನ ಬೈದ್ನಾ ನಾನು?" ಎಂದು ಕೇಳಿದರು.

ಮೊದಲ ಅಂಕಿ 54ಕ್ಕಿಂತ ಕೆಳಗಿದ್ದವರಿಗೆ ಒಂದು ಸುತ್ತು ಸಾಲದೇ ಹೋಗುವುದು ಸಾಮಾನ್ಯ. ಎರಡನೆಯ ಪೊಟ್ಟಣವನ್ನು ಮೊದಲೇ ಪಕ್ಕಕ್ಕಿಟ್ಟುಕೊಂಡಿರಿ. ಮೂರು ಸುತ್ತಾದರೂ 70 ದಾಟದಿದ್ದರೆ ಮನೆಯ ಉಪಚಾರ ಅಲ್ಲಿಗೆ ಮುಗಿಯಿತು. ಗ್ಲುಕೋಸ್ ಕೊಡುತ್ತಲೇ ಆಸ್ಪತ್ರೆಗೆ ಹೊರಡಿ.

ಏರಿದ ಮೇಲೆ

70 ದಾಟಿದ ಮೇಲೆ ಹೊಟ್ಟೆಗೆ ನಿಧಾನವಾಗಿ ಕರಗುವ ಆಹಾರ ಬೀಳಬೇಕು. ಗ್ಲುಕೋಸ್ ಎಷ್ಟು ಬೇಗ ಬಂತೋ ಅಷ್ಟೇ ಬೇಗ ಖರ್ಚಾಗುತ್ತದೆ. ಊಟದ ಹೊತ್ತಾಗಿದ್ದರೆ ಊಟವೇ ಸಾಕು. ಊಟಕ್ಕೆ ಇನ್ನೂ ಒಂದು ಗಂಟೆಗಿಂತ ಹೆಚ್ಚಿದ್ದರೆ ಒಂದು ಚಪಾತಿ ಪಲ್ಯ, ಇಲ್ಲವೇ ಒಂದು ಇಡ್ಲಿ ಸಾಂಬಾರ್, ಇಲ್ಲವೇ ಹಾಲು ಮತ್ತು ಎರಡು ಬಿಸ್ಕತ್ತು. ಹಿಂದೆ ಬೇಡವೆಂದ ಹಾಲು, ಬಿಸ್ಕತ್ತಿಗೆ ಈಗ ಜಾಗವಿದೆ. ಗಾಡಿ ಓಡಿಸುತ್ತಿದ್ದಾಗ ಲೋ ಆದವರು ಸಕ್ಕರೆ ಸರಿಯಾದ ಕೂಡಲೇ ಹೊರಡಬಾರದು. ಅಂಕಿ ಸರಿಯಾದ ಮೇಲೂ ಮಿದುಳು ಚುರುಕಾಗಲು ಮುಕ್ಕಾಲು ಗಂಟೆ ಬೇಕು.

ಅತ್ತೆ 2:40ಕ್ಕೆ ಎಲೆ ಮುಂದೆ ಕೂತು ಅನ್ನ, ಹುಳಿ, ಪಲ್ಯ ಉಂಡರು. ಎಲ್ಲರೂ "ಸರಿಹೋಯ್ತಲ್ಲ" ಎಂದು ತಂತಮ್ಮ ಕೆಲಸಕ್ಕೆ ಹೋದರು. ಸಂಜೆ 5:30ಕ್ಕೆ ನಾನು ಮತ್ತೆ ನೋಡಿದೆ. 66. ಅವರಿಗೆ ಈ ಸಲ ಏನೂ ಗೊತ್ತಾಗಿರಲಿಲ್ಲ.

ಗ್ಲಿಮೆಪಿರೈಡ್ ಜಾತಿಯ ಮಾತ್ರೆಯಿಂದ ಬಂದ ಲೋ ಒಂದು ಸಲಕ್ಕೆ ಮುಗಿಯುವುದಿಲ್ಲ. ಔಷಧ ರಕ್ತದಲ್ಲಿ ಇರುವವರೆಗೂ, ಒಂದು ಇಡೀ ದಿನದವರೆಗೂ, ಕೆಲವರಲ್ಲಿ ಅದಕ್ಕೂ ಹೆಚ್ಚು ಹೊತ್ತು, ಸಕ್ಕರೆ ಮತ್ತೆ ಮತ್ತೆ ಇಳಿಯಬಹುದು. ವಯಸ್ಸಾದವರು, ಮೂತ್ರಪಿಂಡ ದುರ್ಬಲವಾದವರಲ್ಲಿ ಔಷಧ ಹೊರಹೋಗುವುದೇ ನಿಧಾನ. ಗ್ಲಿಬೆನ್‌ಕ್ಲಮೈಡ್ ಇವುಗಳಲ್ಲೆಲ್ಲ ಹೆಚ್ಚು ಕಾಡುವಂಥದ್ದು. ಆದ್ದರಿಂದ ಮಾತ್ರೆಯಿಂದ ಲೋ ಆದವರನ್ನು ಅಂದು ರಾತ್ರಿ ಒಬ್ಬರೇ ಮಲಗಲು ಬಿಡಬೇಡಿ. ಮೊದಲ ಕೆಲವು ಗಂಟೆ, ಗಂಟೆಗೊಮ್ಮೆ ಎರಡು ಗಂಟೆಗೊಮ್ಮೆ ಅಳೆಯಿರಿ. ಮಲಗುವಾಗ ಒಮ್ಮೆ, ನಡುರಾತ್ರಿ ಒಮ್ಮೆ ನೋಡಿ. ಎರಡನೆಯ ಸಲ ಇಳಿದರೆ ಡಾಕ್ಟರಿಗೆ ಫೋನ್ ಮಾಡುವುದಲ್ಲ, ಆಸ್ಪತ್ರೆಗೇ ಹೋಗಬೇಕು. ನಾವು ಅತ್ತೆಗೆ ಇನ್ನೊಂದು ಡೋಸ್ ಗ್ಲುಕೋಸ್ ಕೊಟ್ಟು, ಮಾತ್ರೆಯ ಪಟ್ಟಿ ಸಮೇತ ಕರೆದುಕೊಂಡು ಹೋದೆವು. ಒಂದು ರಾತ್ರಿ ಗ್ಲುಕೋಸ್ ಡ್ರಿಪ್‌ನಲ್ಲಿ ಇರಿಸಿಕೊಂಡರು.

ಬಾಯಿಗೆ ಏನೂ ಹಾಕಬಾರದ ಹೊತ್ತು

ಕರೆದರೆ ಓಗೊಡದಿದ್ದರೆ, ಫಿಟ್ಸ್ ಬರುತ್ತಿದ್ದರೆ, ನುಂಗೆಂದರೆ ನುಂಗಲಾಗದಷ್ಟು ಮಂಪರಿದ್ದರೆ ಹದಿನೈದು ಗ್ರಾಂ ನಿಯಮ ಅವರಿಗಲ್ಲ. ನೀರು, ಸಕ್ಕರೆ, ಜೇನು ಯಾವುದನ್ನೂ ಬಾಯಿಗೆ ಸುರಿಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಎಡ ಮಗ್ಗುಲಿಗೋ ಬಲ ಮಗ್ಗುಲಿಗೋ ಒರಗಿಸಿ ಮಲಗಿಸಿ, ಬಾಯಲ್ಲಿ ಎಲೆಯಡಿಕೆ, ಹಲ್ಲಿನ ಸೆಟ್ ಏನಾದರೂ ಹೊರಗೇ ಕಾಣುವಂತಿದ್ದರೆ ತೆಗೆಯಿರಿ, ಫಿಟ್ಸ್ ಇದ್ದಾಗ ಮಾತ್ರ ಬಾಯಿಗೆ ಕೈ ಹಾಕಬೇಡಿ. 108ಕ್ಕೆ ಫೋನ್ ಮಾಡಿ, "ಸಕ್ಕರೆ ಕಾಯಿಲೆಯವರು, ಎಚ್ಚರ ತಪ್ಪಿದ್ದಾರೆ" ಎಂದು ಮೊದಲ ಮಾತಿನಲ್ಲೇ ಹೇಳಿ. ಡಾಕ್ಟರು ಸಕ್ಕರೆ ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಬರೆದುಕೊಟ್ಟು ಹೇಳಿಕೊಟ್ಟಿದ್ದರೆ ಹಾಕಬಹುದು. ಅದರ ನಂತರ ವಾಂತಿ ಬರುವುದುಂಟು, ಮಗ್ಗುಲಾಗಿಯೇ ಇರಿಸಿ.

ಯಾಕೆ ಇಳಿಯಿತು ಎಂದು ಹುಡುಕುವುದು

ಲೋ ಆದ ದಿನವೇ ನೋಟ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆಯಿರಿ: ಎಷ್ಟು ಗಂಟೆಗೆ ಯಾವ ಔಷಧ, ಕೊನೆಯ ಊಟ ಯಾವಾಗ ಮತ್ತು ಏನು, ಆ ದಿನದ ಕೆಲಸ ಅಥವಾ ನಡಿಗೆ, ಮೀಟರಿನ ಅಂಕಿಗಳು ಸಮಯದೊಂದಿಗೆ. ಔಷಧ ತಗ್ಗಿಸಬೇಕೋ ಹೊತ್ತು ಬದಲಿಸಬೇಕೋ ಎಂಬುದನ್ನು ಡಾಕ್ಟರು ಈ ನಾಲ್ಕು ಸಾಲಿನಿಂದ ತೀರ್ಮಾನಿಸುತ್ತಾರೆ. ನೀವಾಗಿಯೇ ಇನ್ಸುಲಿನ್ ನಿಲ್ಲಿಸಬೇಡಿ, ಟೈಪ್ 1 ಇರುವವರಂತೂ ಯಾವ ಕಾರಣಕ್ಕೂ.

ಒಪ್ಪೊತ್ತು, ಏಕಾದಶಿ, ರಂಜಾನ್ ಉಪವಾಸಗಳು, ತಡವಾದ ಮದುವೆ ಊಟ, ಖಾಲಿ ಹೊಟ್ಟೆಯ ಮದ್ಯ, ಎಂದಿಗಿಂತ ಹೆಚ್ಚಾದ ಗದ್ದೆ ಕೆಲಸ, ಇವು ಸಾಮಾನ್ಯ ಕಾರಣಗಳು. ಇನ್ಸುಲಿನ್ ಬಾಟಲಿ ಮತ್ತು ಸಿರಿಂಜ್ ಬಳಸುವವರು ಇನ್ನೊಂದನ್ನು ಮರೆಯದೆ ನೋಡಬೇಕು. ನಮ್ಮ ದೇಶದಲ್ಲಿ ಎರಡು ಸಾಂದ್ರತೆಯ ಬಾಟಲಿ ಸಿಗುತ್ತವೆ, 40 IU/mL ಮತ್ತು 100 IU/mL. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಬಾಟಲಿ 100ರದಾಗಿ, ಸಿರಿಂಜ್ ಕೆಂಪು ಮುಚ್ಚಳದ್ದಾದರೆ 10 ಯೂನಿಟ್ ಗೆರೆಗೆ ಎಳೆದದ್ದು ನಿಜಕ್ಕೂ 25 ಯೂನಿಟ್. ಅಂಗಡಿಯವರು ಬಾಟಲಿ ಬದಲಿಸಿ ಕೊಟ್ಟ ದಿನ ಸಿರಿಂಜಿನ ಮುಚ್ಚಳ ನೋಡಿ.

ಅತ್ತೆಯ ನಾಲ್ಕು ಸಾಲು ನೋಡಿದ ಡಾಕ್ಟರು ಗ್ಲಿಮೆಪಿರೈಡ್ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದರು. ಎಲೆಯ ಮೇಲೆ ಅನ್ನ ಬಿದ್ದ ಮೇಲೆ ಮಾತ್ರೆ ಕೈಗೆ ತೆಗೆದುಕೊಳ್ಳಿ ಎಂದು ಹೇಳಿದರು. ಅತ್ತೆ ಈಗ ಹಾಗೇ ಮಾಡುತ್ತಾರೆ. ಅವರ ಎಲೆಯಡಿಕೆ ಚೀಲದಲ್ಲಿ ಗ್ಲುಕೋಸಿನ ಎರಡು ಪೊಟ್ಟಣ ಇರುತ್ತವೆ. ಮಳೆಗಾಲದಲ್ಲಿ ಅವು ತೇವಕ್ಕೆ ಗಟ್ಟಿಯಾಗುತ್ತವೆ ಎಂದು ತಿಂಗಳಿಗೊಮ್ಮೆ ಮೊಮ್ಮಗಳು ಬದಲಿಸುತ್ತಾಳೆ.